ಯಾರ ‘ನನಗೆ’?

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಇಂಗ್ಲಿಷಿನಲ್ಲೇ ಬೆಳೆದವಳು. ಕನ್ನಡ ಕಲಿಯಬೇಕೆಂದು ಹಟ. ನನ್ನ ಹತ್ತಿರ ಕನ್ನಡ ಬಿಟ್ಟು ಬೇರೆ ಮಾತಾಡುವುದಿಲ್ಲ. ಒಂದು ಸಂಜೆ ನಾನು ಹೊರಡುವಾಗ ಬಾಗಿಲ ತನಕ ಓಡಿ ಬಂದಳು. “ಮೇಡಂ, ಮ್ಯಾನೇಜರ್ ಫೋನ್ ಮಾಡಿದ್ರು. ನನಗೆ ನಾಳೆ ರಜೆ ಅಂದ್ರು.”

ಮ್ಯಾನೇಜರಿಗೆ ರಜೆ! ಮರುದಿನ ನಿಧಾನವಾಗಿ ಎದ್ದು, ನಿಧಾನವಾಗಿ ಹೊರಟು, ಒಂದೂವರೆ ಗಂಟೆ ತಡವಾಗಿ ಹಾಡು ಗುನುಗುತ್ತಾ ಒಳಗೆ ಹೋದೆ. ಮ್ಯಾನೇಜರ್ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು. ಹುಡುಗಿ ಪತ್ತೆಯಿಲ್ಲ. ಫೋನ್ ಮಾಡಿದರೆ ನಿದ್ದೆಗಣ್ಣಿನ ದನಿ: “ಹೇಳಿದ್ನಲ್ಲ ಮೇಡಂ, ನನಗೆ ರಜೆ ಅಂತ?”

“ಯಾರ ನನಗೆ?” ಅಂತ ಕೇಳಿದೆ. ಆಮೇಲೆ ನನಗೇ ನಗು ಬಂತು.

ತಪ್ಪು ಅವಳದ್ದಲ್ಲ. ಮ್ಯಾನೇಜರ್ ಅವಳಿಗೆ ಹೇಳಿದ್ದು “ನಿಮಗೆ ನಾಳೆ ರಜೆ” ಅಂತ. ಇಂಗ್ಲಿಷಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ‘ನಿಮಗೆ’ ಅನ್ನುವುದನ್ನು ಮುಟ್ಟಿಸುವವರ ಕಡೆಯಿಂದ ‘ನನಗೆ’ ಎಂದು ತಿರುಗಿಸಿಕೊಳ್ಳುತ್ತಾರೆ. ಅವಳು ಅಚ್ಚುಕಟ್ಟಾಗಿ ತಿರುಗಿಸಿದ್ದಳು. ಕನ್ನಡದ ‘ಅಂತ’, ‘ಅಂದ್ರು’ಗಳಿಗೆ ಆ ಶಿಸ್ತು ಇಲ್ಲ. ನಾವು ಎಷ್ಟೋ ಸಲ ಹೇಳಿದವರ ಮಾತನ್ನು ಹೇಳಿದ ಹಾಗೇ ಎತ್ತಿ ತಂದು, ಬಾಲಕ್ಕೆ ಒಂದು ‘ಅಂದ್ರು’ ಅಂಟಿಸಿಬಿಡುತ್ತೇವೆ. “ಅಣ್ಣ ನಾನು ಬರಲ್ಲ ಅಂದ” ಎಂದರೆ ಬರದವನು ಅಣ್ಣನೇ, ಹೇಳುತ್ತಿರುವ ನಾನಲ್ಲ. ಹಾಗಂತ ಅವಳ ಥರ ತಿರುಗಿಸಿ ಹೇಳುವುದೂ ನಮ್ಮಲ್ಲಿ ಇದೆ! ಯಾವುದು ಎಂದು ಸಂದರ್ಭ ನೋಡಿ ಊಹಿಸಬೇಕು. ನಾನು ನನಗೆ ಅನುಕೂಲವಾದ ಹಾಗೆ ಊಹಿಸಿದ್ದೆ, ಅಷ್ಟೆ.

‘ನಾಳೆ’ಯದ್ದೂ ಇದೇ ಕಥೆ. ಸೋಮವಾರ ಒಬ್ಬರು “ನಾಳೆ ಬರ್ತೀನಿ” ಅಂದಿರುತ್ತಾರೆ. ಅದನ್ನು ಮಂಗಳವಾರ ನಮಗೆ ಯಾರೋ “ನಾಳೆ ಬರ್ತೀನಿ ಅಂದ್ರು” ಎಂದು ತಲುಪಿಸುತ್ತಾರೆ. ಬರುವುದು ಇವತ್ತೋ, ಬುಧವಾರವೋ? ಬಾಗಿಲಿಗೆ ಅಂಟಿಸಿದ ‘ಹತ್ತು ನಿಮಿಷದಲ್ಲಿ ಬರ್ತೀನಿ’ ಚೀಟಿ ಇನ್ನೂ ಮೇಲು. ಅಲ್ಲಿ ಯಾವತ್ತಿಗೂ ಹತ್ತು ನಿಮಿಷ ಬಾಕಿ ಇರುತ್ತದೆ.

ಜರ್ಮನ್ ಮಾತಾಡುತ್ತಿದ್ದ ಮನಃಶಾಸ್ತ್ರಜ್ಞ ಕಾರ್ಲ್ ಬ್ಯೂಲರ್ 1934ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು: ‘ಒರಿಗೊ’. ಅಂದರೆ ಶುರುವಾಗುವ ಜಾಗ. ಮಾತಾಡುವವರು ಎಲ್ಲಿದ್ದಾರೋ ಅದೇ ‘ಇಲ್ಲಿ’, ಮಾತಾಡುವ ಗಳಿಗೆಯೇ ‘ಈಗ’, ಮಾತಾಡುವವರೇ ‘ನಾನು’. ಮಾತು ಬಾಯಿಂದ ಬಾಯಿಗೆ ದಾಟಿದರೆ ಈ ಗೂಟವನ್ನೂ ಕಿತ್ತು ಬೇರೆ ಕಡೆ ನೆಡಬೇಕು. ನೆಟ್ಟಿದ್ದಾರೋ ಇಲ್ಲವೋ ಎಂದು ಕೇಳುವವರಿಗೆ ಕಾಣುವುದಿಲ್ಲ.

ದೊಡ್ಡವರ ಪಾಡೇ ಹೀಗಾದರೆ ಮಕ್ಕಳದ್ದು? ನನ್ನ ತಂಗಿಯ ಮಗ ಎರಡೂವರೆ ವರ್ಷದವನಿದ್ದಾಗ ಬಂದು “ನಿಂಗೆ ನೀರು ಬೇಕು” ಅಂದ. ಎಷ್ಟು ಕಾಳಜಿ ಅಂತ ಕರಗಿಹೋಗಿ, ನೀರು ತಂದು ಅವನೆದುರೇ ಗಟಗಟ ಕುಡಿದೆ. ಮಗು ಭೋರೆಂದು ಅತ್ತಿತು. ಪಾಪ, ಬಾಯಾರಿದ್ದು ಅವನಿಗೆ. ಎಲ್ಲರೂ ಅವನನ್ನು ‘ನೀನು’ ಎಂದೇ ಕರೆಯುತ್ತಾರಲ್ಲ, ಅದು ತನ್ನ ಇನ್ನೊಂದು ಹೆಸರು ಅಂದುಕೊಂಡಿದ್ದ. ಚೆಂಡನ್ನು ಯಾರು ಕರೆದರೂ ಚೆಂಡೇ. ‘ನೀನು’ ಮಾತ್ರ ಬಾಯಿ ಬದಲಾದರೆ ಆಳೂ ಬದಲು. ತಿದ್ದಲು ಹೋದರೆ ಇನ್ನೂ ಫಜೀತಿ. “ನೀನಲ್ಲ ಪುಟ್ಟಾ, ನಾನು ಅನ್ನು” ಎಂದರೆ ಅವನು ನನ್ನನ್ನೇ ಬೆರಳು ಮಾಡಿ ತೋರಿಸುತ್ತಿದ್ದ! ನಾನೂ ತಂಗಿಯೂ ನಮ್ಮನಮ್ಮಲ್ಲೇ ‘ನೀನು’, ‘ನಾನು’ ಎಂದು ಜಗಳವಾಡುವಾಗ ಮಾತ್ರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಬೇರೆ ಇಬ್ಬರ ನಡುವೆ ಅದೇ ಪದ ಅತ್ತಿತ್ತ ಹಾರುವುದನ್ನು ಕಂಡರೆ ತಾನೇ ಅದು ಹೆಸರಲ್ಲ ಎಂದು ಗೊತ್ತಾಗುವುದು? ನಮ್ಮ ಜಗಳ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ ಇರಬೇಕು.

ಮತ್ತೆ ಆಫೀಸಿಗೆ ಬರೋಣ. ಹುಡುಗಿಗೆ ಒಂದು ಉಪಾಯ ಹೇಳಿಕೊಟ್ಟೆ. ರಜೆ ಹೇಳಿದವರದ್ದೇ ಆದರೆ ‘ತನಗೆ’ ಅನ್ನು, ಗೌರವಕ್ಕೆ ‘ತಮಗೆ’. ಅದು ಮಾತು ಹೇಳಿದವರ ಕಡೆಗೇ ತಿರುಗಿ ಬೆರಳು ಮಾಡುತ್ತದೆ, ಗೊಂದಲವೇ ಇಲ್ಲ ಎಂದು ಮೇಷ್ಟರ ಗತ್ತಿನಲ್ಲಿ ಹೇಳಿದೆ. ಅವಳು ಬರೆದುಕೊಂಡಳು.

ಎರಡು ವಾರದ ನಂತರ, ಸಂಜೆ. “ಮೇಡಂ, ತಮಗೆ ನಾಳೆ ರಜೆ ಅಂದ್ರು ಮ್ಯಾನೇಜರ್.”

ಎಷ್ಟು ಮರ್ಯಾದೆ ಕಲಿತಿದ್ದಾಳೆ, ನನ್ನನ್ನು ‘ತಾವು’ ಅನ್ನುತ್ತಿದ್ದಾಳೆ ಎಂದು ಬೀಗಿದೆ. ‘ನೀವು’ಗಿಂತ ಒಂದು ಮೆಟ್ಟಿಲು ಮೇಲಿನ ‘ತಾವು’ ಕೂಡ ಅದೇ ಪದ ಎನ್ನುವುದನ್ನು ಅವಳಿಗೆ ಹೇಳಲು ಮರೆತಿದ್ದೆ. ಅದು ನನಗೂ ಮರೆತಿತ್ತು.

ಮರುದಿನ ಹತ್ತೂವರೆಗೆ ಫೋನ್ ಬಂತು. “ಮೇಡಂ, ಎಲ್ಲಿದ್ದೀರಿ? ಮ್ಯಾನೇಜರೂ ಇಲ್ಲ, ನಾನೊಬ್ಬಳೇ!”

ಮಂಚದ ಮೇಲೆ ಮಗ್ಗುಲು ಬದಲಿಸುತ್ತಾ ಅಂದೆ, “ಇಲ್ಲೇ ಇದ್ದೀನಿ ಕಣೇ.”

ಆ ಕಡೆ ಕುರ್ಚಿ ಸರಿದ ಸದ್ದು. ಸ್ವಲ್ಪ ಹೊತ್ತು ಮೌನ.

“ಇಲ್ಲಿ ಎಲ್ಲಾ ಕಡೆ ನೋಡಿದೆ ಮೇಡಂ. ನೀವು ಕಾಣಿಸ್ತಿಲ್ಲ.”