ಒತ್ಸುಕಾರೆಸಾಮಾ: ಅಣ್ಣನಿಗೆ ಒಂದು ಸ್ಪಷ್ಟನೆ

“ಆಫೀಸಿಂದ ಹೊರಡುವಾಗ ಜಪಾನಿನವರು ‘ದಣಿದಿದ್ದೀಯ, ಹೋಗಿ ಮಲಗು’ ಅಂತಾರಂತೆ, ಹೌದೇನೋ?”

ಅಣ್ಣಾ, ಅಲ್ಲ. ಮನೆಯ ಗ್ರೂಪಿಗೆ ಹಾಗೆ ಬರೆದವನು ನಾನೇ, ತಪ್ಪು ನನ್ನದು. ಅವರು ಅನ್ನೋದು ‘ಒತ್ಸುಕಾರೆಸಾಮಾ’. ಅದರಲ್ಲಿ ‘ತ್ಸುಕಾರೆ’ ಅಂದರೆ ದಣಿವು, ಅಷ್ಟು ಸರಿ. ಮೊದಲಿಗೆ ‘ಒ’, ಕೊನೆಗೆ ‘ಸಾಮಾ’ ಸೇರಿದರೆ ಅದು ಗೌರವದ ಮಾತು: ನಿಮ್ಮ ದುಡಿಮೆ ನಮಗೆ ಗೊತ್ತು ಅಂತ.

ನಿನ್ನೆ ಬ್ಯಾಗ್ ಹೆಗಲಿಗೇರಿಸಿ ‘ಒಸಾಕಿ ನಿ ಶಿತ್ಸುರೇಯ್ ಶಿಮಾಸು’ ಅಂದೆ. ನಿಮಗಿಂತ ಮೊದಲು ಹೊರಡ್ತಿದ್ದೀನಿ, ಕ್ಷಮಿಸಿ ಅಂತ. ಕೂತವರು ಸ್ಕ್ರೀನಿನಿಂದ ಕಣ್ಣು ತೆಗೆಯದೆಯೇ ‘ಒತ್ಸುಕಾರೆಸಾಮಾ ದೆಶಿತಾ’ ಅಂದರು. ಮಧ್ಯಾಹ್ನ ಕಾರಿಡಾರಿನಲ್ಲಿ ಸಿಕ್ಕರೂ ‘ಒತ್ಸುಕಾರೆಸಾಮಾ ದೆಸು’, ಸಹೋದ್ಯೋಗಿಯ ಫೋನ್ ಬಂದರೂ ಅದೇ. ಮಧ್ಯಾಹ್ನವೇ ಯಾರಾದ್ರೂ ಮಲಗಲು ಕಳಿಸ್ತಾರಾ? ಇಂಥದ್ದೇ ಇನ್ನೊಂದು ಮಾತು ‘ಗೊಕುರೋಸಾಮಾ’; ಅದನ್ನು ಮೇಲಿನವರಿಗೆ ಹೇಳಿದರೆ ಒರಟಾಗುತ್ತೆ, ‘ಒತ್ಸುಕಾರೆಸಾಮಾ’ ಅಂತ ಧಾರಾಳವಾಗಿ ಅನ್ನಬಹುದು.

ಆ ಮೆಸೇಜನ್ನು ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡ.