ಪ್ರಧಾನ ಸಂಪಾದಕರು, ಒಂಬತ್ತನೇ ಕ್ಲಾಸು

ಕರಾವಳಿಯಲ್ಲಿ ಜುಲೈ ಬಂತೆಂದರೆ ಮಳೆಗಿಂತ ಜೋರಾಗಿ ಸುರಿಯುವುದು ರಜೆಯ ಸುದ್ದಿ. ಜಿಲ್ಲಾಧಿಕಾರಿಗಳ ಹೆಸರಲ್ಲಿ ಓಡಾಡುವ ನಕಲಿ ಆದೇಶಗಳ ಕತೆ ನಿಮಗೇನೂ ಹೊಸದಲ್ಲ. ಈ ಸಲ ಅದು ನಮ್ಮ ಕುಟುಂಬದ ಗ್ರೂಪಿಗೇ ಬಂತು. ಕಳಿಸಿದವರು ಉಡುಪಿಯ ಭಾವ. ಸುದ್ದಿತಾಣವೊಂದರ ಸ್ಕ್ರೀನ್‌ಶಾಟ್: ‘ಭಾರೀ ಮಳೆ: ನಾಳೆ ಶಾಲೆಗಳಿಗೆ ರಜೆ’. ಲೋಗೋ ಇದೆ, ಸಮಯ ಇದೆ, ಪಕ್ಕದಲ್ಲಿ ಒಡವೆ ಅಂಗಡಿಯ ಜಾಹೀರಾತೂ ಇದೆ. ಕೆಳಗೆ ಭಾವನ ಷರಾ: “ಪೇಪರಿನವರೇ ಹಾಕಿದ್ದಾರೆ.”

ಹಾಕಿದ್ದು ಪೇಪರಿನವರಲ್ಲ, ಭಾವನ ಮಗ. ಒಂಬತ್ತನೇ ಕ್ಲಾಸು, ಗಣಿತದಲ್ಲಿ ಹೇಗೋ ಪಾಸು. ತಾಣದ ಅಸಲಿ ಶೀರ್ಷಿಕೆ ‘ಭಾರೀ ಮಳೆ: ನಾಳೆ ಶಾಲೆಗಳಿಗೆ ರಜೆ ಇಲ್ಲ’ ಎಂದಿತ್ತು. ಅಳಿಯ ಮಹಾಶಯ ಲ್ಯಾಪ್‌ಟಾಪಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ Inspect ಒತ್ತಿದ. ಪಕ್ಕದಲ್ಲಿ ಪುಟದ ಹೊಟ್ಟೆಯೊಳಗಿನ ಕೋಡ್ ತೆರೆದುಕೊಂಡಿತು. ಶೀರ್ಷಿಕೆಯ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಇಲ್ಲ’ ಎಂಬುದನ್ನು ಅಳಿಸಿದ. ಒಂದೇ ಪದ! ಇಷ್ಟು ಹಿತಮಿತವಾಗಿ ಕತ್ತರಿ ಆಡಿಸುವ ಸಂಪಾದಕ ನಮ್ಮ ಪತ್ರಿಕೆಗಳಲ್ಲೂ ಅಪರೂಪ.

ಅವನು ತಿದ್ದಿದ್ದು ತನ್ನ ಬ್ರೌಸರಿಗೆ ಇಳಿದು ಬಂದಿದ್ದ ಪ್ರತಿಯನ್ನು. ಪತ್ರಿಕೆಯ ಸರ್ವರಿಗೆ ಅದರ ಸುಳಿವೂ ಇಲ್ಲ. ರಿಫ್ರೆಶ್ ಒತ್ತಿದರೆ ರಜೆ ರದ್ದು. ಅಷ್ಟರೊಳಗೆ ಸ್ಕ್ರೀನ್‌ಶಾಟ್ ಹೊಡೆದರೆ ಸಾಕು.

ಗ್ರೂಪಿನ ಫೋಟೋ ತಜ್ಞರೊಬ್ಬರು ಚಿತ್ರವನ್ನು ಹಿಗ್ಗಿಸಿ ನೋಡಿ, “ಫಾಂಟ್ ಅದೇ, ಅಂಚು ಕೂಡ ಸ್ವಚ್ಛ, ಅಸಲಿ” ಎಂದು ತೀರ್ಪಿತ್ತರು. ಸ್ವಚ್ಛ ಇರದೆ ಇನ್ನೇನು? ಫೋಟೋದ ಮೇಲೆ ಅಕ್ಷರ ಅಂಟಿಸಿದರೆ ಕಲೆ ಉಳಿದೀತು. ಇಲ್ಲಿ ಹೊಸ ಸಾಲನ್ನು ಬರೆದು ತೋರಿಸಿದ್ದು ಬ್ರೌಸರೇ, ಅದೇ ತಾಣದ ಫಾಂಟಿನಲ್ಲಿ, ಅದೇ ಅಳತೆಯಲ್ಲಿ. ಭೂತಗನ್ನಡಿ ಹಿಡಿದರೂ ಸಿಗುವಂಥದ್ದೇನೂ ಇಲ್ಲ.

ನಾವೆಂಥ ಜನ ನೋಡಿ. ಒಂದು ಕಾಲದಲ್ಲಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸಿಗೆ ಗೆಜೆಟೆಡ್ ಆಫೀಸರರ ಹಸಿರು ಶಾಯಿ ಸಹಿ ಬೇಕಿತ್ತು. ನಮ್ಮೂರ ಪಶುವೈದ್ಯರ ಮನೆಮುಂದೆ ದನಗಳಿಗಿಂತ ಪದವೀಧರರೇ ಹೆಚ್ಚು ನಿಂತಿರುತ್ತಿದ್ದರು. ಅವರು ಒರಿಜಿನಲ್ ಕೇಳುತ್ತಿದ್ದರು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು, ಒಮ್ಮೊಮ್ಮೆ ಬೈಯುತ್ತಲೂ ಇದ್ದರು. ಆ ಸಾಲಿನಲ್ಲಿ ಎರಡು ಗಂಟೆ ನಿಂತ ಭಾವನೇ ಈಗ ಎರಡು ಸೆಕೆಂಡಿನಲ್ಲಿ ಆರು ಗ್ರೂಪಿಗೆ ಫಾರ್ವರ್ಡ್ ಮಾಡುತ್ತಾರೆ.

ಫೋನ್ ಮಾಡಿದೆ. “ಭಾವ, ಚಿತ್ರದ ಮೇಲ್ಗಡೆ ವಿಳಾಸ ಕಾಣುತ್ತದಲ್ಲ, ಅದನ್ನು ಓದಿ.” ನಮ್ಮ ಕನ್ನಡ ತಾಣಗಳು ವಿಳಾಸವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಕೊಡುತ್ತವೆ. ಕೊನೆಯಲ್ಲಿ no-holiday-for-schools ಎಂದಿತ್ತು. ಪೋರ ಶೀರ್ಷಿಕೆ ತಿದ್ದಿದ್ದ, ವಿಳಾಸಕ್ಕೆ ಕೈ ಹಾಕಿರಲಿಲ್ಲ. ಟ್ಯಾಬಿನ ಮೇಲೂ ಹಳೆಯ ಹೆಸರೇ. ಸುದ್ದಿಯ ಮೊದಲ ಪ್ಯಾರಾದಲ್ಲಿ ‘ತರಗತಿಗಳು ಎಂದಿನಂತೆ ನಡೆಯಲಿವೆ’ ಎಂಬ ಸಾಲು ಹಾಗೇ ಕೂತಿತ್ತು. ಆರು ಗ್ರೂಪಿನಲ್ಲಿ ಒಬ್ಬರೂ ಶೀರ್ಷಿಕೆಯಿಂದ ಕೆಳಗೆ ಇಳಿದಿರಲಿಲ್ಲ.

“ಅದೆಲ್ಲ ಕತ್ತರಿಸಿ ಕಳಿಸಿದ್ದರೆ?” ಎಂದರು ಭಾವ. ನ್ಯಾಯವಾದ ಪ್ರಶ್ನೆ. ಆಗ ಶೀರ್ಷಿಕೆಯ ನಾಲ್ಕಾರು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಮುಂದೆ site: ಎಂದು ತಾಣದ ಹೆಸರು ಸೇರಿಸಿ ಗೂಗಲ್‌ನಲ್ಲಿ ಹುಡುಕಿ, ಸಿಕ್ಕ ಪುಟವನ್ನು ನೀವೇ ತೆರೆದು ನೋಡಬೇಕು. ಪುಟ ಆಮೇಲೆ ಬದಲಾಗಿದೆ ಎಂಬ ಅನುಮಾನವಿದ್ದರೆ web.archive.org ಇದೆ, ಅಲ್ಲಿ ಹಳೆಯ ಪ್ರತಿ ಇದ್ದರೆ ದಿನಾಂಕ, ಗಂಟೆಯ ಸಮೇತ ಸಿಗುತ್ತದೆ. ಎಲ್ಲ ಪುಟವೂ ಅಲ್ಲಿರುವುದಿಲ್ಲ, ಆದ್ದರಿಂದ ಸಿಗದಿದ್ದರೆ ಸುಳ್ಳು ಎಂದೂ ಅರ್ಥವಲ್ಲ. ಎಲ್ಲಕ್ಕಿಂತ ಸುಲಭದ್ದೆಂದರೆ, ಕಳಿಸಿದವರ ಹತ್ತಿರ ಲಿಂಕ್ ಕೇಳುವುದು.

“ಲಿಂಕ್ ಕೇಳಿದರೆ ಅವಮಾನ ಮಾಡಿದ ಹಾಗಾಗುತ್ತದೆ ಮಾರಾಯ.”

ಇದೇ ನೋಡಿ. ರಜೆ ಅಂತ ನಕ್ಕು ಬಿಡಬಹುದು. ಇದೇ ಕೈಚಳಕದಲ್ಲಿ ಬದುಕಿರುವವರನ್ನು ಸಾಯಿಸುತ್ತಾರೆ, ಆಡದ ಮಾತನ್ನು ಯಾರದೋ ಬಾಯಿಗೆ ತುರುಕಿ ಊರಿಗೆ ಬೆಂಕಿ ಹಚ್ಚುತ್ತಾರೆ. ಹಚ್ಚುವವನಿಗೆ ಒಂದು ನಿಮಿಷ ಸಾಕು. ನಾವು ಕೂತು ವಿಳಾಸ ಓದಿ, ಹುಡುಕಿ, ವಿವರಿಸಿ, ಬೈಸಿಕೊಂಡು ಮುಗಿಸುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ತಪ್ಪೆಂದು ಗೊತ್ತಾದ ಮೇಲೆ ಅಳಿಸುವವರೂ ಇಲ್ಲ. “ಬಂದಿದ್ದನ್ನು ಕಳಿಸಿದೆ” ಅಂತೆ. ಸಾಕಾಗಿದೆ.

ಭಾವನಿಗೆ ಮಾತ್ರ ಪಾಠ ತಲೆಗೆ ಹತ್ತಿತ್ತು. ಆ ರಾತ್ರಿ ಮಳೆ ನಿಲ್ಲಲಿಲ್ಲ, ಬೆಳಗ್ಗೆ ಆರೂವರೆಗೆ ನಿಜವಾಗಿಯೂ ರಜೆ ಘೋಷಣೆಯಾಯಿತು. ತಾಣದವರು ಹೊಸ ಪುಟ ಮಾಡುವ ಗೋಜಿಗೆ ಹೋಗದೆ ನಿನ್ನೆಯ ಸುದ್ದಿಗೇ ಹೊಸ ಶೀರ್ಷಿಕೆ ಹಾಕಿದ್ದರು. ವಿಳಾಸ ಹಳೆಯದೇ ಉಳಿಯಿತು. ಅಕ್ಕ ಲಿಂಕ್ ತೋರಿಸಿದರೆ ಭಾವ ಕನ್ನಡಕ ಏರಿಸಿ ಕೊನೆಯ ತುದಿ ಓದಿದರಂತೆ: “ನೋ ಹಾಲಿಡೇ. ಇದೂ ಅವನದ್ದೇ ಕೆಲಸ.”

ಎಂಟು ಗಂಟೆಗೆ ರೈನ್‌ಕೋಟ್ ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದವನು ಪ್ರಧಾನ ಸಂಪಾದಕನೊಬ್ಬನೇ.