ತಪ್ಪು ಆಯ್ಕೆಗೂ ಒಂದು ವಿವರಣೆ ಬೇಕು

ಏಳನೇ ತರಗತಿಯ ಮಕ್ಕಳು ಮನೆಯಲ್ಲಿ ತಾವೇ ಮಾಡಿ ನೋಡಿಕೊಳ್ಳಲೆಂದು ದಶಮಾಂಶಗಳ ಮೇಲೆ ಒಂದು ಆನ್‌ಲೈನ್ ಕ್ವಿಜ್ ಸಿದ್ಧಪಡಿಸಿದ್ದೆ. ಅದರ ಒಂದು ಪ್ರಶ್ನೆ ಹೀಗಿತ್ತು: 0.45, 0.3, 0.275, 0.08 – ಇವುಗಳಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದು? ಮೊದಲ ಸಲ ಮೂರು ತಪ್ಪು ಆಯ್ಕೆಗಳಿಗೂ 'ತಪ್ಪು, ಪಾಠವನ್ನು ಮತ್ತೊಮ್ಮೆ ಓದಿ' ಎಂಬ ಒಂದೇ ಸಾಲನ್ನು ಹಾಕಿದ್ದೆ. ಅದನ್ನು ಓದಿದ ಮಗುವಿಗೆ ತಾನು ಎಲ್ಲಿ ಎಡವಿದೆ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಆ ಆಯ್ಕೆಗಳ ಹಿಂದಿರುವ ತಪ್ಪುಗಳು ಒಂದೇ ಅಲ್ಲ.

0.275 ಆರಿಸಿದ ಮಗು ಬಿಂದುವನ್ನು ಮರೆತು 275 ಮತ್ತು 45ನ್ನು ಹೋಲಿಸಿದೆ. ನಾವು 'ಪಾಯಿಂಟ್ ಇನ್ನೂರ ಎಪ್ಪತ್ತೈದು' ಎಂದು ಓದುವ ರೂಢಿಯೂ ಈ ತಪ್ಪಿಗೆ ನೀರೆರೆಯುತ್ತದೆ ಎಂದು ನನಗನ್ನಿಸುತ್ತದೆ. 0.3 ಆರಿಸಿದ ಮಗುವಿನ ಯೋಚನೆ ಇದಕ್ಕೆ ತೀರ ವಿರುದ್ಧವಾದದ್ದು. ದಶಾಂಶವು ಶತಾಂಶಕ್ಕಿಂತ ದೊಡ್ಡದು ಎಂಬುದನ್ನು ಅದು ಸರಿಯಾಗಿಯೇ ಕಲಿತಿದೆ, ಆದರೆ ಬಿಂದುವಿನ ನಂತರ ಅಂಕಿಗಳು ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂಬ ತಪ್ಪು ತೀರ್ಮಾನಕ್ಕೆ ಬಂದಿದೆ.

ಆದ್ದರಿಂದ 0.275ಕ್ಕೆ ಹೀಗೆ ಬರೆದೆ: 'ನೀವು 275 ದೊಡ್ಡದೆಂದು ನೋಡಿರಬಹುದು. ಬಿಂದುವಿನ ನಂತರದ ಮೊದಲ ಅಂಕಿ ದಶಾಂಶಗಳನ್ನು ಹೇಳುತ್ತದೆ. ಇಲ್ಲಿ ಎಷ್ಟು ದಶಾಂಶಗಳಿವೆ? ಉಳಿದ ಸಂಖ್ಯೆಗಳಲ್ಲಿ ಎಷ್ಟಿವೆ?' 0.3ಕ್ಕೆ ಬರೆದದ್ದು ಇದು: 'ದಶಾಂಶವು ಶತಾಂಶಕ್ಕಿಂತ ದೊಡ್ಡದು ಎಂಬುದು ನಿಜ. ಆದರೆ ಉಳಿದ ಸಂಖ್ಯೆಗಳಲ್ಲಿಯೂ ದಶಾಂಶದ ಸ್ಥಾನವಿದೆ. 0.3ನ್ನು 0.300 ಎಂದು ಬರೆದು, ಉಳಿದವನ್ನೂ ಮೂರು ಸ್ಥಾನಗಳಿಗೆ ತಂದು ಹೋಲಿಸಿ.' ಎರಡರಲ್ಲೂ ಉತ್ತರವನ್ನು ಬಿಟ್ಟುಕೊಟ್ಟಿಲ್ಲ, ಏಕೆಂದರೆ ಮಗುವಿಗೆ ಇನ್ನೊಂದು ಪ್ರಯತ್ನಕ್ಕೆ ಅವಕಾಶವಿದೆ.

0.08ರ ಬಳಿ ಬಂದಾಗ ಪೆನ್ನು ನಿಂತಿತು. ಯಾವ ಯೋಚನೆಯಿಂದ ಮಗು ಇದನ್ನು ಆರಿಸಬಹುದು ಎಂದು ಎಷ್ಟು ಹುಡುಕಿದರೂ ಹೊಳೆಯಲಿಲ್ಲ. ನಾಲ್ಕು ಆಯ್ಕೆಗಳಿರಬೇಕೆಂಬ ಅಭ್ಯಾಸಬಲದಿಂದ ಅದನ್ನು ಸೇರಿಸಿದ್ದೆ, ಅಷ್ಟೆ. ವಿವರಣೆ ಬರೆಯಲಾಗದ ಆಯ್ಕೆಯನ್ನು ತೆಗೆದುಹಾಕಿ ಮೂರನ್ನೇ ಉಳಿಸಿಕೊಂಡೆ.

ಸರಿಯುತ್ತರಕ್ಕೂ 'ಶಹಬ್ಬಾಸ್' ಎಂದಷ್ಟೇ ಬರೆದರೆ ಸಾಲದು. ಈ ಸಂಖ್ಯೆಗಳಿಗೂ ಮುಂಚಿನ ನನ್ನ ಕರಡಿನಲ್ಲಿ 0.4, 0.35, 0.125 ಎಂಬ ಆಯ್ಕೆಗಳಿದ್ದವು. ಅಲ್ಲಿ ಅಂಕಿ ಕಡಿಮೆಯಿದ್ದರೆ ದೊಡ್ಡದು ಎಂದು ನಂಬಿದ ಮಗುವೂ 0.4ನ್ನೇ ಆರಿಸಿ ಪೂರ್ಣ ಅಂಕ ಪಡೆಯುತ್ತಿತ್ತು, ಅದರ ತಪ್ಪು ತಿಳಿವಳಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಸಂಖ್ಯೆಗಳನ್ನು ಬದಲಿಸಿದ ಮೇಲೂ 0.45ರ ಕೆಳಗೆ ಕಾರಣವನ್ನು ಬರೆದಿದ್ದೇನೆ: 'ಸರಿ. ಇದರಲ್ಲಿ 4 ದಶಾಂಶಗಳಿವೆ, ಉಳಿದವುಗಳಲ್ಲಿ 3 ಮತ್ತು 2. ಎಷ್ಟು ಅಂಕಿಗಳಿವೆ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ.'

ಇದನ್ನು ಮಾಡಲು ಹೊರಟವರು ಉಪಕರಣವನ್ನು ಮೊದಲೇ ನೋಡಿಕೊಳ್ಳಬೇಕು. ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶದ ಬಹು ಆಯ್ಕೆ ಪ್ರಶ್ನೆಯಲ್ಲಿ ಪ್ರತಿ ಆಯ್ಕೆಯ ಕೆಳಗೂ ವಿವರಣೆಗೆ ಪ್ರತ್ಯೇಕ ಜಾಗವಿದೆ. ಆಯ್ಕೆಗಳ ಕ್ರಮ ಪ್ರತಿ ಸಲ ಬದಲಾಗುವಂತೆ ಇಟ್ಟಿದ್ದರೆ ವಿವರಣೆಯಲ್ಲಿ 'ಆಯ್ಕೆ ಬಿ' ಎಂದು ಬರೆಯದೆ, ಆ ಸಂಖ್ಯೆಯನ್ನೇ ಬರೆಯಿರಿ.